ಎರಡು ಬಾಗಿಲಿಗೆ ಒಂದೇ ಹೆಸರು: ಕಂಪನಿಯ ಹುದ್ದೆ, ವಿಭಾಗಗಳಿಗೆ ಕನ್ನಡದ ಹೆಸರಿಡುವುದು ಹೇಗೆ?

ಮಂಗಳೂರಿನ ಬೈಕಂಪಾಡಿಯಲ್ಲಿ ವಿದೇಶಿ ಕಂಪನಿಯೊಂದರ ಕಾರ್ಖಾನೆ. ಮಳೆಗಾಲದ ಬೆಳಿಗ್ಗೆ ಗುತ್ತಿಗೆ ಕಾರ್ಮಿಕರೊಬ್ಬರಿಗೆ ಗೋದಾಮಿನ ಮೂಲೆಯಲ್ಲಿ ರಾಸಾಯನಿಕದ ಡ್ರಮ್ಮೊಂದು ಸೋರುತ್ತಿರುವುದು ಕಂಡಿತು. ಗೋಡೆಯ ಮೇಲೆ ಯಾರು ಯಾರ ಕೈಕೆಳಗೆ ಎಂದು ತೋರಿಸುವ ಚಾರ್ಟು ಇತ್ತು, ಅದೂ ಕನ್ನಡದಲ್ಲೇ. ‘ಸುರಕ್ಷತಾ ವಿಭಾಗ’ ಎಂಬ ಚೌಕ ಹುಡುಕಿ ಅಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿದವರು ಗೇಟಿನ ಕಾವಲು ಕೊಠಡಿಯವರು. ‘ಗೇಟ್ ಪಾಸ್ ವಿಷಯವಾ?’ ಎಂದು ಕೇಳಿದರಂತೆ.

ಆ ಚಾರ್ಟಿನಲ್ಲಿ ‘ಸುರಕ್ಷತಾ ವಿಭಾಗ’ ಎರಡು ಕಡೆ ಇತ್ತು. ಒಂದು ಸೇಫ್ಟಿ, ಇನ್ನೊಂದು ಸೆಕ್ಯುರಿಟಿ. ಅನಾಹುತವೇನೂ ಆಗಲಿಲ್ಲ, ಹತ್ತು ನಿಮಿಷ ಹಾಳಾಯಿತು ಅಷ್ಟೆ. ಆಮೇಲೆ ಚಾರ್ಟು ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಿಭಾಗ, ಹುದ್ದೆ ಎಲ್ಲ ಸೇರಿ ಒಟ್ಟು 38 ಹೆಸರು. ಎರಡು ದಿನದ ಕೆಲಸ ಎಂದುಕೊಂಡು ಒಪ್ಪಿಕೊಂಡೆ, ಮೂರು ವಾರ ಹಿಡಿಯಿತು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆಯುತ್ತಿದ್ದೇನೆ.

## ಕಾನೂನು ಎಷ್ಟು ಹೇಳುತ್ತದೆ, ಎಲ್ಲಿ ಸುಮ್ಮನಾಗುತ್ತದೆ

ಇಂಥ ಕೆಲಸ ಈಚೆಗೆ ಹೆಚ್ಚಾಗಿರುವುದಕ್ಕೆ ಕಾರಣವಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಬಂದು, ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದಾಯಿತು. ಹೊರಗಿನ ಬೋರ್ಡು ಬದಲಿಸಿದ ಕಂಪನಿಗಳು ಒಳಗಿನ ಬಾಗಿಲು ಫಲಕ, ನೋಟಿಸ್ ಬೋರ್ಡು, ಚಾರ್ಟುಗಳ ಕಡೆಗೂ ತಿರುಗಿದವು. ಕಾರ್ಖಾನೆಯೊಳಗೆ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲಿ ಸೂಚನೆ ಹಾಕಬೇಕೆಂಬ ನಿಯಮ ಹೊಸದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯಲ್ಲೇ ಅದಿತ್ತು.

ಆದರೆ ಎಷ್ಟು ಕನ್ನಡ ಇರಬೇಕು ಎಂದು ಹೇಳುವ ಕಾನೂನು ‘ಮೇಂಟೆನೆನ್ಸ್ ಮ್ಯಾನೇಜರ್’ಗೆ ಯಾವ ಕನ್ನಡ ಎಂದು ಹೇಳುವುದಿಲ್ಲ. ಅದನ್ನು ಕಂಪನಿಯೇ ತೀರ್ಮಾನಿಸಬೇಕು. ಸಾಮಾನ್ಯವಾಗಿ ಆಗುವುದೇನೆಂದರೆ, ಬಾಗಿಲ ಫಲಕವನ್ನು ಬೋರ್ಡ್ ಬರೆಯುವವರು ಒಂದು ರೀತಿ ಬರೆಯುತ್ತಾರೆ, ನೋಟಿಸನ್ನು ಎಚ್‌ಆರ್‌ನ ಹುಡುಗ ಇನ್ನೊಂದು ರೀತಿ, ಚಾರ್ಟನ್ನು ಬೆಂಗಳೂರಿನ ಏಜೆನ್ಸಿ ಮತ್ತೊಂದು ರೀತಿ. ಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ. ಒಟ್ಟಿಗೆ ಇಟ್ಟಾಗ ಒಬ್ಬರೇ ಮೂವರಾಗುತ್ತಾರೆ, ಇಬ್ಬರು ಒಬ್ಬರಾಗುತ್ತಾರೆ.

## ಪಟ್ಟಿ ಮಾಡಬೇಕಾದ್ದು ಹೆಸರುಗಳನ್ನಲ್ಲ, ತುಂಡುಗಳನ್ನು

ಮೊದಲು ಒಂದು ಹೋಲಿಕೆ. ಇಂಗ್ಲಿಷಿನ ‘ಅಂಕಲ್’ ನಮ್ಮಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಮಾವ ಎಂದು ಒಡೆಯುತ್ತದೆ. ತಿರುಗಿ ನೋಡಿದರೆ ನಮ್ಮ ‘ಮಾವ’ ತಾಯಿಯ ಅಣ್ಣತಮ್ಮಂದಿರೂ ಹೌದು, ಗಂಡ ಅಥವಾ ಹೆಂಡತಿಯ ಅಪ್ಪನೂ ಹೌದು. ಮನೆಯಲ್ಲಿ ಇದರಿಂದ ಗಲಿಬಿಲಿಯಾಗುವುದಿಲ್ಲ, ಯಾವ ಮಾವ ಎಂದು ಎಲ್ಲರಿಗೂ ಗೊತ್ತು. ಚಾರ್ಟು ಓದುವವನಿಗೆ ಆ ಪರಿಚಯ ಇರುವುದಿಲ್ಲ. ಅವನ ಕೈಯಲ್ಲಿ ಚೌಕದೊಳಗಿನ ಎರಡು ಮೂರು ಪದ ಮಾತ್ರ.

ಹಾಗಾಗಿ ಚಾರ್ಟಿನ ಅನುವಾದಕ್ಕೆ ಎರಡು ದಿಕ್ಕಿನ ನಿಯಮ ಬೇಕು. ಒಂದು ಇಂಗ್ಲಿಷ್ ಪದಕ್ಕೆ ಎಲ್ಲ ಕಡೆಯೂ ಒಂದೇ ಕನ್ನಡ ಪದ. ಇದು ಎಲ್ಲರಿಗೂ ತಕ್ಷಣ ಹೊಳೆಯುತ್ತದೆ. ಆ ಕನ್ನಡ ಪದ ಅದೇ ಚಾರ್ಟಿನಲ್ಲಿ ಬೇರೆ ಯಾವ ಇಂಗ್ಲಿಷ್ ಪದಕ್ಕೂ ಬರಕೂಡದು, ಇದು ಹೊಳೆಯುವುದಿಲ್ಲ. ಡ್ರಮ್ಮಿನ ಪ್ರಕರಣದಲ್ಲಿ ಮುರಿದದ್ದು ಈ ಎರಡನೆಯದು.

ನಿಯಮ ಪಾಲಿಸಲು ಇಡೀ ಹೆಸರನ್ನು ಅನುವಾದಿಸಲು ಕೂರಬಾರದು, ಅದನ್ನು ಬಿಚ್ಚಬೇಕು. ‘ಡೆಪ್ಯುಟಿ ಮ್ಯಾನೇಜರ್, ಕ್ವಾಲಿಟಿ ಕಂಟ್ರೋಲ್’ ಎಂಬುದರಲ್ಲಿ ಮೂರು ತುಂಡುಗಳಿವೆ. ‘ಮ್ಯಾನೇಜರ್’ ಬುಡದ ಪದ. ‘ಡೆಪ್ಯುಟಿ’ ಮೆಟ್ಟಿಲು ಹೇಳುವ ಪದ. ‘ಕ್ವಾಲಿಟಿ ಕಂಟ್ರೋಲ್’ ಕೆಲಸದ ಕ್ಷೇತ್ರ. ಎಲ್ಲ ಹುದ್ದೆಗಳನ್ನು ಹೀಗೆ ಬಿಚ್ಚಿದಾಗ ಬುಡದ ಪದಗಳು ಹತ್ತನ್ನೂ ದಾಟಲಿಲ್ಲ, ಮೆಟ್ಟಿಲಿನವು ಅದಕ್ಕಿಂತ ಕಡಿಮೆ. ತುಂಡುಗಳ ಬಗ್ಗೆ ಒಮ್ಮೆ ತೀರ್ಮಾನವಾದರೆ ಹೆಸರುಗಳು ತಾವಾಗಿ ಕೂಡಿಕೊಳ್ಳುತ್ತವೆ, ಮುಂದಿನ ವರ್ಷ ಹುಟ್ಟುವ ಹುದ್ದೆಯೂ ಸೇರಿ.

## ಮ್ಯಾನೇಜರಿಗೆ ನಾಲ್ಕು ಅಭ್ಯರ್ಥಿಗಳು

ಬುಡದ ಪದಗಳಲ್ಲಿ ಹೆಚ್ಚು ಜಗಳ ಹುಟ್ಟಿಸಿದ್ದು ‘ಮ್ಯಾನೇಜರ್’. ಅದಕ್ಕೆ ಚಾಲ್ತಿಯಲ್ಲಿರುವ ಪದಗಳು ನಾಲ್ಕು: ಪ್ರಬಂಧಕ, ನಿರ್ವಾಹಕ, ವ್ಯವಸ್ಥಾಪಕ, ಮತ್ತು ಮ್ಯಾನೇಜರೇ.

‘ಪ್ರಬಂಧಕ’ ಬ್ಯಾಂಕಿನ ದಾರಿಯಿಂದ ಬಂದದ್ದು. 1906ರಲ್ಲಿ ಕೆನರಾ ಮತ್ತು ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ ಎಂದು ಸಾಲಾಗಿ ಬ್ಯಾಂಕುಗಳು ಹುಟ್ಟಿದ ಕರಾವಳಿ ಇದು. ಇಲ್ಲಿನವರಿಗೆ ಶಾಖಾ ಪ್ರಬಂಧಕ, ಮಹಾಪ್ರಬಂಧಕ ಎಂಬ ಪದಗಳು ಪೇಪರಿನಲ್ಲಿ ಓದಿ ಅಭ್ಯಾಸ. ಆದರೆ ಅದು ಹಿಂದಿಯಿಂದ ಬಂದ ಬಳಕೆ; ಕನ್ನಡದಲ್ಲಿ ಪ್ರಬಂಧ ಎಂದರೆ ಶಾಲೆಯಲ್ಲಿ ಬರೆಯುವ ಪ್ರಬಂಧ. ಬ್ಯಾಂಕಿನ ಗೋಡೆಯಿಂದ ಆಚೆ ತಂದರೆ ಪದ ತೇಲುತ್ತದೆ.

‘ನಿರ್ವಾಹಕ’ ಕೇಳಲು ಚೆನ್ನಾಗಿದೆ, ಕಂಪ್ಯೂಟರ್ ತಂತ್ರಾಂಶಗಳ ಕನ್ನಡದಲ್ಲೂ ಓಡಾಡುತ್ತಿದೆ. ಆದರೆ ನಮ್ಮ ಜನರಿಗೆ ನಿರ್ವಾಹಕ ಯಾರೆಂದು ಕೆಎಸ್‌ಆರ್‌ಟಿಸಿ ಬಸ್ಸು ಎಂದೋ ಕಲಿಸಿಬಿಟ್ಟಿದೆ. ಹಳೆಯ ಚಾರ್ಟಿನ ಕರಡಿನಲ್ಲಿ ‘ಉಗ್ರಾಣ ನಿರ್ವಾಹಕ’ ಎಂದಿತ್ತು. ಅದನ್ನು ನೋಡಿದ ಸ್ಟೋರಿನ ಹಿರಿಯರೊಬ್ಬರು, ‘ನಮ್ಮಲ್ಲಿ ಕಂಡಕ್ಟರ್ ಯಾರು ಮಾರಾಯ್ರೆ?’ ಎಂದರು. ಅಲ್ಲಿಗೆ ಆ ಪದ ಮುಗಿಯಿತು.

ಉಳಿದವು ವ್ಯವಸ್ಥಾಪಕ ಮತ್ತು ಮ್ಯಾನೇಜರ್. ಮಾತಿನಲ್ಲಿ ಯಾರೂ ‘ವ್ಯವಸ್ಥಾಪಕರು ಬಂದಿದ್ದಾರಾ’ ಎಂದು ಕೇಳುವುದಿಲ್ಲ, ಮ್ಯಾನೇಜರ್ ಎಂದೇ ಕೇಳುತ್ತಾರೆ. ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಮಾತಾಡಿದರೂ ಅಷ್ಟೆ. ಆದರೂ ವ್ಯವಸ್ಥಾಪಕ ಅಪರಿಚಿತವಲ್ಲ. ವ್ಯವಸ್ಥಾಪಕ ನಿರ್ದೇಶಕ, ಶಾಖಾ ವ್ಯವಸ್ಥಾಪಕ ಎಂಬುವನ್ನು ಓದಿದವರೇ ಎಲ್ಲರೂ. ಎರಡರಲ್ಲಿ ಯಾವುದನ್ನು ಆರಿಸಿದರೂ ನಡೆಯುತ್ತದೆ, ಬೆರೆಸಿದರೆ ನಡೆಯುವುದಿಲ್ಲ. ನಾವು ವ್ಯವಸ್ಥಾಪಕವನ್ನು ಇಟ್ಟುಕೊಂಡೆವು. ಎಂಜಿನಿಯರ್, ಆಪರೇಟರ್, ಟೆಕ್ನೀಷಿಯನ್ ಇವನ್ನು ಹಾಗೆಯೇ ಬಿಟ್ಟೆವು. ‘ಅಭಿಯಂತರ’ ಸರ್ಕಾರಿ ಕಾಗದದಲ್ಲಿ ಬದುಕಿದೆ, ನಿಜ. ಕಾರ್ಖಾನೆಯಲ್ಲಿ ತನ್ನನ್ನು ಅಭಿಯಂತರ ಎಂದು ಕರೆದುಕೊಳ್ಳುವವರನ್ನು ನಾನಂತೂ ಕಂಡಿಲ್ಲ.

## ಒಂದೇ ಕನ್ನಡ ಪದದ ಮೇಲೆ ಇಬ್ಬರ ಹಕ್ಕು

ಈಗ ಮುಖ್ಯ ತೊಡಕು, ಕ್ಷೇತ್ರದ ಪದಗಳು. ಮೂರು ಕಡೆ ಡಿಕ್ಕಿಯಾಗಿತ್ತು. ಯಾವ ಕಂಪನಿಯ ಚಾರ್ಟು ತೆಗೆದರೂ ಇವುಗಳಲ್ಲಿ ಒಂದಾದರೂ ಸಿಕ್ಕೇ ಸಿಗುತ್ತದೆ.

ಮೊದಲನೆಯದು ಡ್ರಮ್ಮಿನ ಕಥೆಯದೇ. ಸೇಫ್ಟಿ ಎಂದರೆ ಅಪಘಾತ, ಬೆಂಕಿ, ಸೋರಿಕೆಯಿಂದ ಕಾಪಾಡುವುದು. ಸೆಕ್ಯುರಿಟಿ ಎಂದರೆ ಕಳ್ಳತನ, ಅತಿಕ್ರಮಣ ತಡೆಯುವುದು. ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಚೆನ್ನಾದ ಜೋಡಿ ಪದವೇ ಇದೆ. ಹೋಟೆಲಿನ ಅಡುಗೆಮನೆ ತಪಾಸಣೆಗೆ ಬರುವವರು ಆಹಾರ ಸುರಕ್ಷತಾ ಅಧಿಕಾರಿ. ಪಡಿತರದ ಅಕ್ಕಿಯ ಹಿಂದಿರುವುದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ರಸ್ತೆ ಸುರಕ್ಷತಾ ಸಪ್ತಾಹ ಎನ್ನುತ್ತೇವೆ, ಗಡಿ ಭದ್ರತಾ ಪಡೆ ಎನ್ನುತ್ತೇವೆ. ಹಾಗಾದರೆ ಹಳೆಯ ಚಾರ್ಟಿನಲ್ಲಿ ತಪ್ಪಿದ್ದು ಹೇಗೆ? ಅನುವಾದಕರ ಮುಂದೆ ಕಂಪನಿಯ ಉತ್ತರ ಭಾರತದ ಘಟಕದ ಹಿಂದಿ ಚಾರ್ಟು ಇತ್ತು. ಹಿಂದಿಯಲ್ಲಿ ಗಡಿ ಕಾಯುವ ಪಡೆಯ ಹೆಸರಿನಲ್ಲೂ ‘ಸುರಕ್ಷಾ’, ಕಾರ್ಖಾನೆಯ ಸೇಫ್ಟಿಗೂ ವಾಡಿಕೆಯಲ್ಲಿ ‘ಸುರಕ್ಷಾ’. ಅದನ್ನು ನೋಡಿಕೊಂಡು ಎರಡು ಕಡೆಯೂ ‘ಸುರಕ್ಷತಾ’ ಎಂದು ಹಾಕಿದ್ದರು. ಸರಿಪಡಿಸುವುದು ಸುಲಭವಾಗಿತ್ತು: ಸೇಫ್ಟಿಗೆ ಸುರಕ್ಷತೆ, ಸೆಕ್ಯುರಿಟಿಗೆ ಭದ್ರತೆ. ಕಂಪ್ಯೂಟರ್ ಜಾಲ ಕಾಯುವ ಇನ್‌ಫರ್ಮೇಷನ್ ಸೆಕ್ಯುರಿಟಿಯೂ ಇದೇ ನಿಯಮದಂತೆ ಮಾಹಿತಿ ಭದ್ರತೆ ಆಯಿತು.

ಎರಡನೆಯದು ‘ನಿರ್ವಹಣೆ’. ಇದು ಅಷ್ಟು ಸುಲಭವಲ್ಲ. ‘ನಿರ್ವಹಣಾ ಕಾಮಗಾರಿ ಇರುವುದರಿಂದ ವಿದ್ಯುತ್ ನಿಲುಗಡೆ’ ಎಂಬ ಮೆಸ್ಕಾಂ ಪ್ರಕಟಣೆಯಲ್ಲಿ ನಿರ್ವಹಣೆ ಎಂದರೆ ಮೇಂಟೆನೆನ್ಸ್. ಅದೇ ಪುಟದಲ್ಲಿ ವಿಪತ್ತು ನಿರ್ವಹಣೆ, ತ್ಯಾಜ್ಯ ನಿರ್ವಹಣೆ ಎಂದಿದ್ದರೆ ಅಲ್ಲಿ ಮ್ಯಾನೇಜ್‌ಮೆಂಟ್. ನಮ್ಮ ಚಾರ್ಟಿನಲ್ಲಿ ‘ಮೇಂಟೆನೆನ್ಸ್’ ವಿಭಾಗವೂ ಇತ್ತು, ‘ಫೆಸಿಲಿಟಿ ಮ್ಯಾನೇಜ್‌ಮೆಂಟ್’ ಎಂಬುದೂ ಇತ್ತು. ಯಂತ್ರ ರಿಪೇರಿ ಮಾಡುವವರು ಒಬ್ಬರು, ಕ್ಯಾಂಟೀನು, ಶುಚಿತ್ವ, ಬಸ್ಸಿನ ವ್ಯವಸ್ಥೆ ನೋಡುವವರು ಇನ್ನೊಬ್ಬರು. ‘ಯಂತ್ರ ನಿರ್ವಹಣೆ’ ಎಂದು ಮೊದಲನೆಯದಕ್ಕೂ ‘ಸೌಲಭ್ಯ ನಿರ್ವಹಣೆ’ ಎಂದು ಎರಡನೆಯದಕ್ಕೂ ಇಡಬಹುದಲ್ಲ ಎಂದು ಕೇಳಬಹುದು. ಇಡಬಹುದು, ಬಾಗಿಲ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಮಾತಿನಲ್ಲಿ, ಚೀಟಿಯಲ್ಲಿ ಮುಂದಿನ ಪದ ಉದುರಿಹೋಗುತ್ತದೆ. ‘ನಿರ್ವಹಣಾ ವಿಭಾಗಕ್ಕೆ ಕಳುಹಿಸಿ’ ಎಂದು ಯಾರೋ ಬರೆಯುತ್ತಾರೆ, ಮತ್ತೆ ಮೊದಲಿನ ಕಥೆ. ಆದ್ದರಿಂದ ಪದವನ್ನು ಒಬ್ಬರಿಗೇ ಬರೆದುಕೊಡಬೇಕು. ಕಾರ್ಮಿಕರ ಕಿವಿಯಲ್ಲಿ ನಿರ್ವಹಣೆ ಎಂದರೆ ರಿಪೇರಿ ಎಂದು ಗೊತ್ತಾದ್ದರಿಂದ ಅದನ್ನು ಮೇಂಟೆನೆನ್ಸಿಗೆ ಕೊಟ್ಟೆವು. ಇನ್ನೊಂದು ವಿಭಾಗಕ್ಕೆ ‘ಮ್ಯಾನೇಜ್‌ಮೆಂಟ್’ ಎಂಬ ಭಾಗವನ್ನೇ ಬಿಟ್ಟು ‘ಸೌಲಭ್ಯ ವಿಭಾಗ’ ಎಂದಿಟ್ಟೆವು. ವಿಭಾಗ ಎಂದ ಮೇಲೆ ಅದನ್ನು ಯಾರೋ ನೋಡಿಕೊಳ್ಳುತ್ತಾರೆ ಎಂಬುದು ಅದರಲ್ಲೇ ಬಂತಲ್ಲ.

ಮೂರನೆಯದು ‘ಯೋಜನೆ’. ಎತ್ತಿನಹೊಳೆ ಯೋಜನೆ ಎಂದರೆ ಪ್ರಾಜೆಕ್ಟ್. ಗೃಹಲಕ್ಷ್ಮಿ ಯೋಜನೆ ಎಂದರೆ ಸ್ಕೀಮ್. ಹಿಂದಿದ್ದ ಯೋಜನಾ ಆಯೋಗದಲ್ಲಿ ಅದು ಪ್ಲಾನಿಂಗ್. ಕಾರ್ಖಾನೆಯಲ್ಲಿ ಪ್ರಾಜೆಕ್ಟ್ಸ್ ಎಂದರೆ ಹೊಸ ಶೆಡ್ ಕಟ್ಟಿಸುವುದು, ಹೊಸ ಯಂತ್ರ ಕೂರಿಸುವುದು. ಪ್ಲಾನಿಂಗ್ ಎಂದರೆ ಈ ವಾರ ಯಾವ ಯಂತ್ರದಲ್ಲಿ ಏನು ಎಷ್ಟು ತಯಾರಾಗಬೇಕೆಂದು ಲೆಕ್ಕ ಹಾಕುವುದು. ಹಳೆಯ ಚಾರ್ಟಿನಲ್ಲಿ ಎರಡೂ ‘ಯೋಜನಾ ವಿಭಾಗ’. ‘ಪ್ರಾಜೆಕ್ಟ್ ಪ್ಲಾನಿಂಗ್ ಎಂಜಿನಿಯರ್’ ಎಂಬ ಹುದ್ದೆಗಂತೂ ‘ಯೋಜನಾ ಯೋಜನೆ ಎಂಜಿನಿಯರ್’ ಎಂದು ಬರೆದು, ಯಾರೋ ಅನುಮಾನ ಬಂದು ಒಂದನ್ನು ಹೊಡೆದುಹಾಕಿದ್ದರು. ಕೇಂದ್ರದ ಉದ್ದಿಮೆಗಳ ಫಲಕಗಳಲ್ಲಿ ‘ಪರಿಯೋಜನೆ’ ಎಂಬ ಪದ ಕಾಣುವುದುಂಟು, ಆದರೆ ಅದನ್ನು ಓದಿ ಪ್ರಾಜೆಕ್ಟ್ ಎಂದು ತಿಳಿಯಲು ಹಿಂದಿ ಬರಬೇಕು. ಇಲ್ಲಿ ಎರವಲು ಪದವೇ ಕೆಲಸಕ್ಕೆ ಬಂತು. ‘ಪ್ರಾಜೆಕ್ಟ್ ವಿಭಾಗ’ ಎಂದು ಒಂದಕ್ಕೆ, ‘ಉತ್ಪಾದನಾ ಯೋಜನೆ’ ಎಂದು ಇನ್ನೊಂದಕ್ಕೆ.

ಎರವಲು ಪದ ಯಾವಾಗ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗೂ ಇಲ್ಲಿ ಅರ್ಧ ಉತ್ತರ ಸಿಗುತ್ತದೆ. ಕನ್ನಡ ಪದ ಇದೆಯೇ ಎಂದಷ್ಟೇ ಕೇಳಿದರೆ ಸಾಲದು. ಅದನ್ನು ಇದೇ ಚಾರ್ಟಿನಲ್ಲಿ ಇನ್ನೊಬ್ಬರು ಆಗಲೇ ಹಿಡಿದುಕೊಂಡಿದ್ದಾರೆಯೇ ಎಂದೂ ನೋಡಬೇಕು. ಬಸ್ಸಿನಲ್ಲಿ ಟವೆಲ್ ಹಾಕಿದ ಸೀಟಿನ ಹಾಗೆ.

## ಮೆಟ್ಟಿಲು ಎಣಿಸುವ ಪದಗಳು

ಸೀನಿಯರ್, ಡೆಪ್ಯುಟಿ, ಅಸಿಸ್ಟೆಂಟ್ ಮುಂತಾದವಕ್ಕೆ ಕನ್ನಡದಲ್ಲಿ ನೆಲೆನಿಂತ ಪದಗಳಿವೆ: ಹಿರಿಯ, ಉಪ, ಸಹಾಯಕ. ಸಹಾಯಕ ವ್ಯವಸ್ಥಾಪಕ, ಉಪ ವ್ಯವಸ್ಥಾಪಕ, ವ್ಯವಸ್ಥಾಪಕ, ಹಿರಿಯ ವ್ಯವಸ್ಥಾಪಕ ಎಂದು ಬರೆದರೆ ಕೆಳಗಿನಿಂದ ಮೇಲಕ್ಕೆ ಏಣಿ ತಾನಾಗಿ ನಿಲ್ಲುತ್ತದೆ. ಕಷ್ಟ ಶುರುವಾಗುವುದು ಈ ಪದಗಳ ಜಾಗ ತಪ್ಪಿದಾಗ. ಸಹಾಯಕ ವ್ಯವಸ್ಥಾಪಕ ಎಂದರೆ ಸ್ವತಃ ಅಧಿಕಾರವಿರುವ ಅಸಿಸ್ಟೆಂಟ್ ಮ್ಯಾನೇಜರ್. ‘ವ್ಯವಸ್ಥಾಪಕರ ಸಹಾಯಕ’ ಎಂದರೆ ಅವರ ಕಾಗದಪತ್ರ ನೋಡಿಕೊಳ್ಳುವವರು. ಎರಡೂ ಹುದ್ದೆ ನಮ್ಮ ಚಾರ್ಟಿನಲ್ಲಿದ್ದವು, ಎರಡಕ್ಕೂ ‘ಸಹಾಯಕ ವ್ಯವಸ್ಥಾಪಕ’ ಎಂದೇ ಇತ್ತು. ಹಾಗಾಗಿ ‘ಸಹಾಯಕ’ ಮುಂದೆ ಬಂದರೆ ದರ್ಜೆ, ಹಿಂದೆ ಬಂದರೆ ಕೆಲಸ ಎಂದು ಒಂದು ಸಾಲಿನ ನಿಯಮ ಬರೆದಿಟ್ಟೆವು.

ಕೆಲವು ಇಂಗ್ಲಿಷ್ ಪದಗಳಿಗೆ ಕಂಪನಿಯೊಳಗೆ ಒಂದು ತೂಕ, ಊರಿನಲ್ಲಿ ಇನ್ನೊಂದು ತೂಕ. ‘ಸೇಲ್ಸ್ ಎಕ್ಸಿಕ್ಯುಟಿವ್’ ಎಂದರೆ ಹೆಚ್ಚಾಗಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಅಥವಾ ಹುಡುಗಿ. ಅದನ್ನು ‘ಮಾರಾಟ ಕಾರ್ಯನಿರ್ವಾಹಕ’ ಮಾಡಿದರೆ ಓದುವವರಿಗೆ ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ನೆನಪಾಗುತ್ತಾರೆ, ಅಲ್ಲಿ ಕೂರುವವರು ಹಿರಿಯ ಅಧಿಕಾರಿ. ಹಾಗಾಗಿ ‘ಮಾರಾಟ ಪ್ರತಿನಿಧಿ’. ಒಂದು ಪದಕ್ಕೆ ಒಂದೇ ಪದ ಎಂಬ ನಮ್ಮದೇ ನಿಯಮವನ್ನು ಇಲ್ಲಿ ಮುರಿದಂತಾಯಿತು, ಏಕೆಂದರೆ ಕಂಪನಿಯ ಚೀಫ್ ಎಕ್ಸಿಕ್ಯುಟಿವ್ ‘ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ’ ಆಗಿಯೇ ಉಳಿದರು. ಮುರಿದದ್ದೇಕೆ ಎಂದು ಪಟ್ಟಿಯ ಪಕ್ಕದಲ್ಲಿ ಬರೆದಿಟ್ಟರೆ ಸಾಕು. ಕಾರಣ ಬರೆಯದಿದ್ದರೆ ಮುಂದಿನವರು ಅದನ್ನು ತಪ್ಪೆಂದು ‘ತಿದ್ದುತ್ತಾರೆ’.

‘ವೈಸ್ ಪ್ರೆಸಿಡೆಂಟ್’ ಇನ್ನೂ ಪೇಚಿನದು. ಕನ್ನಡದಲ್ಲಿ ಉಪಾಧ್ಯಕ್ಷ ಎಂದರೆ ಅಧ್ಯಕ್ಷರ ನಂತರದವರು, ಗ್ರಾಮ ಪಂಚಾಯತ್‌ನಲ್ಲಿ ಇರುವ ಹಾಗೆ ಒಬ್ಬರು. ಬಹುರಾಷ್ಟ್ರೀಯ ಕಂಪನಿಯಲ್ಲಿ ಅದೊಂದು ಸಂಬಳದ ದರ್ಜೆ. ಒಂದೇ ಕಟ್ಟಡದಲ್ಲಿ ಐದು ಜನ ಇರಬಹುದು, ಅವರ ಮೇಲೆ ಅಧ್ಯಕ್ಷರು ಇಲ್ಲದೆಯೂ ಇರಬಹುದು. ‘ಡೈರೆಕ್ಟರ್’ನಲ್ಲಿ ಕಾನೂನಿನ ಮಾತೂ ಸೇರುತ್ತದೆ. 2013ರ ಕಂಪನಿಗಳ ಕಾಯ್ದೆಯಡಿ ನಿರ್ದೇಶಕ ಎಂದರೆ ಆಡಳಿತ ಮಂಡಳಿಯಲ್ಲಿ ಕೂತವರು, ಸರ್ಕಾರ ಕೊಟ್ಟ ಗುರುತಿನ ಸಂಖ್ಯೆ ಇರುವವರು, ಕಂಪನಿಯ ತಪ್ಪಿಗೆ ಉತ್ತರ ಕೊಡಬೇಕಾದವರು. ‘ಡೈರೆಕ್ಟರ್, ಎಂಜಿನಿಯರಿಂಗ್’ ಬಹಳ ಸಲ ಒಬ್ಬ ಹಿರಿಯ ಉದ್ಯೋಗಿ, ಅಷ್ಟೆ. ಸಹಕಾರಿ ಸಂಘದ ಚುನಾವಣೆ ನೋಡಿದ ನಮ್ಮೂರಿನವರಿಗೂ ನಿರ್ದೇಶಕ ಎಂದರೆ ಮಂಡಳಿಯವರೇ. ಆದ್ದರಿಂದ ‘ನಿರ್ದೇಶಕ’ವನ್ನು ಮಂಡಳಿಗೆ ಮೀಸಲಿಟ್ಟು, ದರ್ಜೆಯ ಹೆಸರುಗಳನ್ನು ಎಂಜಿನಿಯರಿಂಗ್ ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಎಂದು ಲಿಪಿ ಬದಲಿಸಿ ಉಳಿಸಿಕೊಂಡೆವು. ಕನ್ನಡ ಅಭಿಮಾನದವರೊಬ್ಬರು ಇದಕ್ಕೆ ಬೇಸರಪಟ್ಟರು. ನನಗೂ ಪೂರ್ತಿ ಸಮಾಧಾನವಿಲ್ಲ, ಆದರೆ ತಪ್ಪು ತಿಳಿವಳಿಕೆ ಕೊಡುವ ಕನ್ನಡಕ್ಕಿಂತ ಇದು ಮೇಲು ಎನಿಸಿತು.

ತೀರ್ಮಾನಗಳಲ್ಲಿ ಕೆಲವನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಹೀಗೆ ಕಾಣುತ್ತವೆ:

| ಇಂಗ್ಲಿಷ್ ಹೆಸರು | ಹಳೆಯ ಚಾರ್ಟು | ಹೊಸ ಚಾರ್ಟು |
|---|---|---|
| ಸೇಫ್ಟಿ ಆಫೀಸರ್ | ಸುರಕ್ಷತಾ ಅಧಿಕಾರಿ | ಸುರಕ್ಷತಾ ಅಧಿಕಾರಿ |
| ಸೆಕ್ಯುರಿಟಿ ಆಫೀಸರ್ | ಸುರಕ್ಷತಾ ಅಧಿಕಾರಿ | ಭದ್ರತಾ ಅಧಿಕಾರಿ |
| ಮೇಂಟೆನೆನ್ಸ್ ಮ್ಯಾನೇಜರ್ | ನಿರ್ವಹಣಾ ಪ್ರಬಂಧಕ | ನಿರ್ವಹಣಾ ವ್ಯವಸ್ಥಾಪಕರು |
| ಫೆಸಿಲಿಟಿ ಮ್ಯಾನೇಜರ್ | ನಿರ್ವಹಣಾ ವ್ಯವಸ್ಥಾಪಕ | ಸೌಲಭ್ಯ ವ್ಯವಸ್ಥಾಪಕರು |
| ಪ್ರಾಜೆಕ್ಟ್ ಮ್ಯಾನೇಜರ್ | ಯೋಜನಾ ವ್ಯವಸ್ಥಾಪಕ | ಪ್ರಾಜೆಕ್ಟ್ ವ್ಯವಸ್ಥಾಪಕರು |
| ಪ್ಲಾನಿಂಗ್ ಮ್ಯಾನೇಜರ್ | ಯೋಜನಾ ವ್ಯವಸ್ಥಾಪಕ | ಉತ್ಪಾದನಾ ಯೋಜನೆ ವ್ಯವಸ್ಥಾಪಕರು |

## ಇಲಾಖೆ, ವಿಭಾಗ, ಶಾಖೆ, ಘಟಕ

‘ಡಿಪಾರ್ಟ್‌ಮೆಂಟ್’ ಕಂಡ ಕೂಡಲೇ ಕೈ ‘ಇಲಾಖೆ’ ಎಂದು ಬರೆಯುತ್ತದೆ. ಆದರೆ ಇಲಾಖೆ ಎಂದರೆ ಸರ್ಕಾರ. ಖಾಸಗಿ ಕಟ್ಟಡದ ಬಾಗಿಲ ಮೇಲೆ ‘ಪರಿಸರ ಇಲಾಖೆ’ ಎಂದಿದ್ದರೆ ಸರ್ಕಾರದವರು ಒಳಗೆ ಕಚೇರಿ ಮಾಡಿದ್ದಾರೆ ಎಂದು ತಿ‍ಳಿಯುವವರಿದ್ದಾರೆ. ಕಂಪನಿಗೆ ‘ವಿಭಾಗ’ ಸರಿ. ಅದರ ಕೆಳಗಿನ ಸೆಕ್ಷನ್ನಿಗೆ ಸರ್ಕಾರಿ ಕಚೇರಿಗಳಲ್ಲಿ ‘ಶಾಖೆ’ ಎನ್ನುವ ರೂಢಿಯಿದೆ, ಆದರೆ ಉಳಿದ ಎಲ್ಲರಿಗೂ ಶಾಖೆ ಎಂದರೆ ಬ್ರ್ಯಾಂಚು. ಹಾಗಾಗಿ ಒಳಗಿನ ಗುಂಪುಗಳಿಗೆ ‘ತಂಡ’ ಎಂದಿಟ್ಟು ‘ಶಾಖೆ’ಯನ್ನು ಚಾರ್ಟಿನೊಳಗೆ ಬರದಂತೆ ಮಾಡಿದೆವು.

ಚಾರ್ಟಿನ ನೆತ್ತಿಯ ಮೇಲೂ ಅದು ಬರಲಿಲ್ಲ. ಎಲ್ಲರೂ ಬಾಯಿಮಾತಿನಲ್ಲಿ ‘ಮಂಗಳೂರು ಬ್ರ್ಯಾಂಚ್’ ಎನ್ನುತ್ತಾರೆ. ಆದರೆ ವಿದೇಶಿ ಕಂಪನಿಯ ನೇರ ಶಾಖಾ ಕಚೇರಿ, ವಿಶೇಷ ಆರ್ಥಿಕ ವಲಯದ ಹೊರಗೆ, ಭಾರತದಲ್ಲಿ ಸರಕು ತಯಾರಿಸುವಂತಿಲ್ಲ. ಬೈಕಂಪಾಡಿಯಲ್ಲಿ ಯಂತ್ರ ಓಡುತ್ತಿದೆಯೆಂದರೆ ಅದು ಇಲ್ಲಿ ನೋಂದಣಿಯಾದ ಅಂಗಸಂಸ್ಥೆಗೆ ಸೇರಿದ್ದು. ಕಂಪನಿಯ ಕಾಗದ ತರಿಸಿ ನೋಡಿದಾಗ ಹಾಗೆಯೇ ಇತ್ತು. ‘ಮಂಗಳೂರು ಘಟಕ’ ಎಂದು ಬರೆದೆವು.

## ಯಾರಿಗೆ ‘ರು’, ಯಾರಿಗೆ ಇಲ್ಲ

ಇಂಗ್ಲಿಷಿನಲ್ಲಿ ಮ್ಯಾನೇಜರ್ ಗಂಡೂ ಅಲ್ಲ ಹೆಣ್ಣೂ ಅಲ್ಲ. ಕನ್ನಡದ ವ್ಯವಸ್ಥಾಪಕ ಗಂಡು, ವ್ಯವಸ್ಥಾಪಕಿ ಹೆಣ್ಣು. ಚೌಕದಲ್ಲಿ ಇರುವುದು ಹುದ್ದೆ, ಮನುಷ್ಯರಲ್ಲ. ಇಂದು ಅವರು, ನಾಳೆ ಇವರು. ಪ್ರತಿ ವರ್ಗಾವಣೆಗೂ ಫಲಕ ಬದಲಿಸಲಾಗುವುದಿಲ್ಲ. ಇದಕ್ಕೆ ಕನ್ನಡದಲ್ಲೇ ಪರಿಹಾರವಿದೆ, ‘ರು’ ಹಚ್ಚುವುದು. ವ್ಯವಸ್ಥಾಪಕರು ಎಂದರೆ ಇಬ್ಬರಿಗೂ ಹೊಂದುತ್ತದೆ, ಮರ್ಯಾದೆಯೂ ಬಂತು. ಅಧಿಕಾರಿ, ಪ್ರತಿನಿಧಿ ಮುಂತಾದವು ಮೊದಲೇ ಇಬ್ಬರಿಗೂ ಸಲ್ಲುವ ಪದಗಳು. ಅವಕ್ಕೆ ‘ಗಳು’ ಸೇರಿಸಿದರೆ ಹಲವರಿದ್ದಾರೆ ಎನಿಸುತ್ತದೆ, ಬೇಡ.

ಆದರೆ ‘ರು’ ಹಚ್ಚುವಾಗ ಒಂದು ಕೆಟ್ಟ ಅಭ್ಯಾಸ ನುಸುಳುತ್ತದೆ. ಮೇಲಿನ ಚೌಕಗಳಲ್ಲಿ ‘ವ್ಯವಸ್ಥಾಪಕರು’, ‘ಮೇಲ್ವಿಚಾರಕರು’. ಕೆಳಗೆ ಬರುತ್ತ ‘ಚಾಲಕ’, ‘ಕಾವಲುಗಾರ’. ಬೇಕೆಂದು ಮಾಡುವುದಲ್ಲ, ಬೆರಳು ತಾನಾಗಿ ಹಾಗೆ ಟೈಪ್ ಮಾಡುತ್ತದೆ. ನನ್ನ ಮೊದಲ ಕರಡಿನಲ್ಲೂ ಹಾಗೇ ಆಗಿತ್ತು. ಅದನ್ನು ತೋರಿಸಿದವರು ಕಂಪನಿಯ ಚಾಲಕರೊಬ್ಬರು. ಬೈಯಲಿಲ್ಲ, ‘ನಮ್ಮ ಲೈನಿನಲ್ಲಿ ರು ಮುಗಿಯಿತಾ?’ ಎಂದು ಕೇಳಿದರು. ಈಗ ಚಾರ್ಟಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಲೆಕ್ಕ.

## ಇಂಗ್ಲಿಷ್ ಮುಚ್ಚಿಟ್ಟು ನೋಡುವುದು

ಪಟ್ಟಿ ಸಿದ್ಧವಾದ ಮೇಲೆ ಅದನ್ನು ಸೋಲಿಸಲು ಪ್ರಯತ್ನಿಸಬೇಕು. ಯಾಂತ್ರಿಕವಾದ ಪರೀಕ್ಷೆ ಮೊದಲು. ಎಕ್ಸೆಲ್ ಹಾಳೆಯಲ್ಲಿ ಮೊದಲ ಕಾಲಮ್ಮಿಗೆ ಇಂಗ್ಲಿಷ್ ಹೆಸರು, ಎರಡನೆಯದಕ್ಕೆ ಕನ್ನಡ ಹೆಸರು ಹಾಕಿ, ಮೂರನೆಯದರಲ್ಲಿ ಈ ಸೂತ್ರ:

```
=COUNTIF(B$2:B$39,B2)
```

ನಮ್ಮ 38 ಹೆಸರುಗಳು 2ರಿಂದ 39ನೇ ಸಾಲಿನವರೆಗೆ ಇದ್ದವು. ಸೂತ್ರವನ್ನು ಕೊನೆಯವರೆಗೆ ಎಳೆದರೆ, 1ಕ್ಕಿಂತ ಹೆಚ್ಚು ಬಂದ ಕಡೆ ಎರಡು ಬಾಗಿಲಿಗೆ ಒಂದೇ ಹೆಸರಿದೆ ಎಂದರ್ಥ. ಹಳೆಯ ಚಾರ್ಟಿಗೆ ಇದನ್ನು ಹಾಕಿದ್ದರೆ ಡ್ರಮ್ಮಿನ ಗೊಂದಲ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು.

ಆದರೆ ಸೂತ್ರಕ್ಕೆ ಕಾಣದ ಅಕ್ಷರವೊಂದಿದೆ. ಸಾಫ್ಟ್‌ವೇರ್ ಎಂಬುದರಲ್ಲಿ ‘ವೇ’ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ಯೂನಿಕೋಡಿನಲ್ಲಿ `U+200C` ಎಂಬ ಅಗಲವಿಲ್ಲದ ಅಕ್ಷರ ಹಾಕುತ್ತೇವೆ. ಕೆಲವು ಕೀಲಿಮಣೆಯಲ್ಲಿ ಬರೆಯುವವರು ಅದನ್ನು ಪದದ ಕೊನೆಯಲ್ಲೂ ಬಿಟ್ಟುಬಿಡುತ್ತಾರೆ. ‘ಎಂಜಿನಿಯರ್’ ಪದಕ್ಕೆ `=LEN(B2)` ಹಾಕಿದರೆ 9 ಬರಬೇಕು. 10 ಬಂದರೆ ಬಾಲದಲ್ಲಿ ಅದು ಕೂತಿದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿನಲ್ಲಿ ಅವು ಬೇರೆ ಬೇರೆ ದಾಖಲೆ. ಹುಡುಕಿದಾಗ ಅರ್ಧ ಜನ ಸಿಗುವುದಿಲ್ಲ. ಇದರ ಜೊತೆಗೆ ಎಂಜಿನಿಯರ್–ಇಂಜಿನಿಯರ್, ಎಚ್‌ಆರ್–ಹೆಚ್‌ಆರ್ ಎಂಬ ಕಾಗುಣಿತದ ಆಯ್ಕೆಯನ್ನೂ ಒಮ್ಮೆ ಮಾಡಿ ಬರೆದಿಡಬೇಕು. ಮುದ್ರಣಕ್ಕೆ ಕೊಡುವ ಮೊದಲು ಚೌಕದ ಎತ್ತರವನ್ನೂ ನೋಡಿ. ಇಂಗ್ಲಿಷ್ ಅಕ್ಷರದ ಅಳತೆಗೆ ಮಾಡಿದ ಚೌಕದಲ್ಲಿ ‘ವ್ಯವಸ್ಥಾಪಕ’ದ ಒತ್ತುಗಳು ತಳದಲ್ಲಿ ಕತ್ತರಿಸಿಹೋಗುತ್ತವೆ.

ಎರಡನೆಯ ಪರೀಕ್ಷೆಗೆ ಮನುಷ್ಯರು ಬೇಕು. ಇಂಗ್ಲಿಷ್ ತೆಗೆದುಹಾಕಿದ ಚಾರ್ಟನ್ನು ಮೂವರಿಗೆ ಕೊಟ್ಟೆವು: ಸ್ಟೋರಿನವರು ಒಬ್ಬರು, ಕ್ಯಾಂಟೀನಿನವರು ಒಬ್ಬರು, ಕಂಪನಿಯ ಪರಿಚಯವೇ ಇಲ್ಲದ ಒಬ್ಬರು. ‘ಈ ಪದಕ್ಕೆ ಅರ್ಥವೇನು’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಪರೀಕ್ಷೆ ಬರೆಯುವವರಂತೆ ಆಗುತ್ತಾರೆ. ಸಂದರ್ಭ ಕೊಟ್ಟು ಬೆರಳು ತೋರಿಸಲು ಹೇಳಿದೆವು. ಪಂಪು ಕೆಟ್ಟಿದೆ, ಯಾರಿಗೆ ಹೇಳುತ್ತೀರಿ? ಸಂಬಳದಲ್ಲಿ ರಜೆಯ ಲೆಕ್ಕ ತಪ್ಪಿದೆ? ಬಂದರಿನಿಂದ ಬಂದ ಲಾರಿ ಗೇಟಿನಲ್ಲಿ ನಿಂತಿದೆ? ಪಂಪಿಗೆ ಮೂವರೂ ನಿರ್ವಹಣೆಯನ್ನೇ ತೋರಿಸಿದರು. ಲಾರಿಗೆ ಇಬ್ಬರು ಭದ್ರತೆ ಎಂದರು, ಒಬ್ಬರು ‘ಕಾರ್ಯಾಚರಣೆ ವಿಭಾಗ’ ಎಂದರು. ಏಕೆಂದು ಕೇಳಿದರೆ, ಕಾರ್ಯಾಚರಣೆ ಎಂದರೆ ಪೊಲೀಸರದ್ದಲ್ಲವೇ, ಕಾಡಾನೆ ಹಿಡಿಯುವಾಗ ಪೇಪರಿನಲ್ಲಿ ಬರುತ್ತದಲ್ಲ, ಅದು ಗೇಟಿನವರೇ ಇರಬೇಕು ಎಂದರು. ಆಪರೇಷನ್ಸ್ ವಿಭಾಗಕ್ಕೆ ನಾವು ಅದುವರೆಗೆ ಅನುಮಾನವೇ ಪಡದೆ ಇಟ್ಟ ಹೆಸರು ಅದು. ಆ ವಿಭಾಗ ಮಾಡುತ್ತಿದ್ದುದು ತಯಾರಿಕೆಯನ್ನೇ ಆದ್ದರಿಂದ ‘ಉತ್ಪಾದನಾ ವಿಭಾಗ’ ಎಂದು ಬದಲಾಯಿಸಿದೆವು.

## ಹೆಸರು ಬದಲಾದಾಗ

ಎಕ್ಸೆಲ್ ಹಾಳೆಗೆ ಇನ್ನೆರಡು ಕಾಲಮ್ ಸೇರಿಸಿ ಅದನ್ನೇ ಕಂಪನಿಗೆ ಒಪ್ಪಿಸಿದೆ: ತೀರ್ಮಾನದ ಕಾರಣ, ತೀರ್ಮಾನಿಸಿದ ದಿನಾಂಕ. ಅದು ಎಚ್‌ಆರ್‌ನಲ್ಲಿ ಒಬ್ಬರ ಬಳಿ ಇರಬೇಕು, ಬೋರ್ಡ್ ಬರೆಯುವವರಿಗೂ ನೋಟಿಸ್ ಹಾಕುವವರಿಗೂ ಅವರೇ ಕೊಡಬೇಕು ಎಂದಾಯಿತು.

ಆರು ತಿಂಗಳ ನಂತರ ಅವರ ಫೋನ್ ಬಂತು. ವಿದೇಶದ ಮುಖ್ಯ ಕಚೇರಿ ಹ್ಯೂಮನ್ ರಿಸೋರ್ಸಸ್ ವಿಭಾಗದ ಹೆಸರನ್ನು ‘ಪೀಪಲ್ ಆ್ಯಂಡ್ ಕಲ್ಚರ್’ ಎಂದು ಬದಲಿಸಿತ್ತಂತೆ. ಯಾರೋ ಆಗಲೇ ‘ಜನ ಮತ್ತು ಸಂಸ್ಕೃತಿ ವಿಭಾಗ’ ಎಂದು ಫಲಕಕ್ಕೆ ಆರ್ಡರ್ ಕೊಡಲು ಹೊರಟಿದ್ದರು. ಆ ಬಾಗಿಲಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಎಂದುಕೊಂಡು ಯಕ್ಷಗಾನ ಮೇಳದವರು ಅನುದಾನದ ಅರ್ಜಿ ಹಿಡಿದು ಬಂದಾರು ಎಂದೆ. ಹೆಸರು ಬದಲಾದ ಮೇಲೆ ಕೆಲಸ ಏನಾದರೂ ಬದಲಾಗಿದೆಯೇ ಎಂದು ಕೇಳಿದೆ. ಸಂಬಳ, ರಜೆ, ನೇಮಕಾತಿ, ಎಲ್ಲ ಮೊದಲಿನ ಹಾಗೇ ಎಂದರು. ಹಾಳೆಯ ಮೊದಲ ಕಾಲಮ್ಮಿನಲ್ಲಿ ಇಂಗ್ಲಿಷಿನ ಹೊಸ ಹೆಸರು ಸೇರಿತು, ಕಾರಣದ ಕಾಲಮ್ಮಿನಲ್ಲಿ ‘ಕೆಲಸ ಬದಲಾಗಿಲ್ಲ’ ಎಂದು ಬರೆದರು. ಬಾಗಿಲ ಮೇಲೆ ಈಗಲೂ ‘ಮಾನವ ಸಂಪನ್ಮೂಲ ವಿಭಾಗ’ ಎಂದೇ ಇದೆ.